ಸಹಿ ಇವತ್ತಿಂದು, ತಾರೀಖು ಜನವರಿದು: ನಾವ್ಯಾಕೆ ಒಲ್ಲೆ ಅಂದೆವು

ಜೂನ್ ಮೊದಲ ವಾರ. ದುಂಡಸಿ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ನಿಂತಿದ್ದಾಗ ಫೋನ್ ಬಂತು. ಆ ಕಡೆ ನಾವು ಕೆಲಸ ಮಾಡಿಕೊಟ್ಟಿದ್ದ ಸಂಸ್ಥೆಯ ಲೆಕ್ಕದವರು. ದುಂಡಸಿ ಹೋಬಳಿಯ ಕೆರೆಗಳ ಬಗ್ಗೆ ನಾಲ್ಕು ಕಿರುಚಿತ್ರ ಮಾಡಿಕೊಡಬೇಕೆಂದು ಜನವರಿಯಲ್ಲಿ ಬಾಯಿಮಾತಿನಲ್ಲಿ ಒಪ್ಪಂದವಾಗಿತ್ತು. ಒಟ್ಟು 48,000 ರೂಪಾಯಿ. ಅದರಲ್ಲಿ 8,000 ಮುಂಗಡವಾಗಿ ಬಂದಿತ್ತು. ಮಾರ್ಚ್ 20ಕ್ಕೆ ನಾಲ್ಕೂ ಚಿತ್ರ ಕೊಟ್ಟು ಮುಗಿಸಿದ್ದೆವು. ಉಳಿದ 40,000ಕ್ಕಾಗಿ ಎರಡೂವರೆ ತಿಂಗಳಿಂದ ಕಾಯುತ್ತಿದ್ದೆವು.

"ಕರಾರು ಪತ್ರ ಕಳಿಸೇನ್ರಿ, ಸಹಿ ಮಾಡಿ ಕಳಿಸ್ರಿ. ತಾರೀಖು ಜನವರಿ 12 ಹಾಕ್ರಿ. ಬಿಲ್ಲಿಗೆ ಮಾರ್ಚ್ 28 ಹಾಕ್ರಿ. ವಾರದಾಗ ರೊಕ್ಕ ಬರತೈತಿ."

"ಈಗ ಜೂನ್ ಐತಲ್ರಿ?"

"ಅಯ್ಯ, ಅದೇನ್ ದೊಡ್ಡ ಮಾತರೀ. ಎಲ್ಲಾರೂ ಹಂಗ ಮಾಡ್ತಾರ. ಕೆಲಸ ಅಂತೂ ಖರೇನ ಆಗೇತಲ್ಲ."

ಅವರು ಕೆಟ್ಟ ಮನುಷ್ಯರಲ್ಲ. ಲಂಚ ಕೇಳಲಿಲ್ಲ, ಮಾಡದ ಕೆಲಸಕ್ಕೆ ಬಿಲ್ ಕೇಳಲಿಲ್ಲ. ಜನವರಿಯಲ್ಲಿ ಮಾಡಬೇಕಿದ್ದ ಕಾಗದವನ್ನು ಮರೆತಿದ್ದರು, ಆಡಿಟರ್ ಬರುವ ಮುನ್ನ ಫೈಲು ನೆಟ್ಟಗೆ ಮಾಡಬೇಕಿತ್ತು. ನಮ್ಮಲ್ಲೊಬ್ಬರು ಕ್ಯಾಮೆರಾ ಸಾಲದ ಕಂತು ಕಟ್ಟಬೇಕಿತ್ತು, ಆ 40,000 ನಮಗೂ ಬೇಕಿತ್ತು. ಆದರೂ ಒಲ್ಲೆ ಅಂದೆವು. "ಪತ್ರಿಕೋದ್ಯಮ ಓದಿದವರದು ಬರೇ ಆದರ್ಶ" ಎಂದು ಅವರು ನಕ್ಕರು. ಆದರ್ಶವೂ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಇದು ಲೆಕ್ಕಾಚಾರ. ಆ ಲೆಕ್ಕಾಚಾರವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಯಾಕೆಂದರೆ ಈ ಫೋನ್ ನಮಗೊಬ್ಬರಿಗೇ ಬರುವುದಿಲ್ಲ. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟವರಿಗೆ, ಶಾಲೆಗೆ ಬೆಂಚು ಮಾಡಿಕೊಟ್ಟ ಬಡಿಗೇರರಿಗೆ, ಸ್ವಸಹಾಯ ಸಂಘದ ಕಾರ್ಯದರ್ಶಿಗೆ, ಎಲ್ಲರಿಗೂ ಬರುತ್ತದೆ.

ಮೊದಲು "ಕೆಲಸ ಖರೇನ ಆಗೇತಲ್ಲ" ಎಂಬ ಮಾತನ್ನೇ ನೋಡೋಣ. ಹಿಂದಿನ ತಾರೀಖು ಹಾಕುವವರೆಲ್ಲ ಹೇಳುವ ಸಮಾಧಾನ ಇದು. ವ್ಯವಹಾರ ನಿಜ, ಹಣ ನಿಜ, ಸಹಿ ಮಾಡಿದವರೂ ನಿಜ, ಸುಳ್ಳಿರುವುದು ತಾರೀಖು ಒಂದೇ. ಅಷ್ಟಕ್ಕೇ ಏನಾದೀತು?

ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ದೊಡ್ಡ ಪ್ರಕರಣವಿದೆ. ಕಂಪ್ಯೂಟರ್ ಅಸೋಸಿಯೇಟ್ಸ್ ಎಂಬ ಸಾಫ್ಟ್‌ವೇರ್ ಕಂಪನಿ ಪ್ರತಿ ಮೂರು ತಿಂಗಳಿಗೊಮ್ಮೆ ತನ್ನ ಆದಾಯವನ್ನು ಷೇರುಪೇಟೆಗೆ ಹೇಳಬೇಕಿತ್ತು. ಗುರಿ ತಲುಪದಿದ್ದಾಗ, ಅವಧಿ ಮುಗಿದ ಮೇಲೂ ಕೆಲವು ದಿನ ಲೆಕ್ಕದ ಪುಸ್ತಕ ತೆರೆದಿಟ್ಟು, ಆ ದಿನಗಳಲ್ಲಿ ಸಹಿಯಾದ ಕರಾರುಗಳಿಗೆ ಹಿಂದಿನ ತಾರೀಖು ಹಾಕುತ್ತಿದ್ದರು. ಈ ಪದ್ಧತಿಗೆ 'ಮೂವತ್ತೈದು ದಿನದ ತಿಂಗಳು' ಎಂದೇ ಹೆಸರು ಬಿತ್ತು. ಗ್ರಾಹಕರು ನಿಜವಾದವರು, ಕರಾರುಗಳೂ ನಿಜವಾದವು. ಸುಳ್ಳಾಗಿದ್ದದ್ದು ತಾರೀಖು. ಆದರೆ ಆ ತಾರೀಖನ್ನು ನಂಬಿ ಷೇರು ಕೊಂಡವರು ಇದ್ದರಲ್ಲ! ಕಂಪನಿಯ ಮುಖ್ಯಸ್ಥರಾಗಿದ್ದ ಸಂಜಯ್ ಕುಮಾರ್ 2006ರಲ್ಲಿ ತಪ್ಪೊಪ್ಪಿಕೊಂಡರು, 12 ವರ್ಷದ ಶಿಕ್ಷೆಯಾಯಿತು.

ನಮ್ಮ 40,000ಕ್ಕೂ ಆ ಕೋಟಿಗಳಿಗೂ ಹೋಲಿಕೆ ಇಲ್ಲ, ಒಪ್ಪುತ್ತೇವೆ. ಆದರೆ ಎರಡರ ಒಳಗಿನ ಹೂರಣ ಒಂದೇ. ಕರಾರಿಗೆ ಸಹಿ ಮಾಡುವವರು ಇಬ್ಬರು, ತಾರೀಖನ್ನು ಓದುವವನು ಮೂರನೆಯವನು. ನಮಗೂ ಆ ಸಂಸ್ಥೆಗೂ ಕೆಲಸ ಯಾವಾಗ ಆಯಿತೆಂದು ಗೊತ್ತು. ನಮ್ಮಿಬ್ಬರಿಗೆ ತಾರೀಖು ಬರೆದು ಹೇಳಬೇಕಾದ್ದೇ ಇಲ್ಲ. ಅದನ್ನು ಬರೆಯುವುದು ಆಡಿಟರಿಗೆ, ದುಡ್ಡು ಕೊಟ್ಟ ದಾನಿಗೆ, ನಾಳೆ ತಂಟೆ ಬಂದರೆ ನ್ಯಾಯಾಧೀಶರಿಗೆ. ಹಿಂದಿನ ತಾರೀಖು ಹಾಕುವುದೆಂದರೆ, ಸ್ಥಳದಲ್ಲಿಲ್ಲದ ಆ ಮೂರನೆಯವನ ಕಣ್ಣಿಗೆ ಇಬ್ಬರು ಸೇರಿ ಮಣ್ಣೆರಚುವುದು. "ಇಬ್ಬರೂ ಒಪ್ಪೇವಿ" ಎಂಬುದು ಇಲ್ಲಿ ಸಮರ್ಥನೆಯೇ ಅಲ್ಲ. ಇಬ್ಬರೂ ಒಪ್ಪದೆ ಅದು ಸಾಧ್ಯವೂ ಇಲ್ಲ.

ನಮ್ಮ ಕಾನೂನಿಗೆ ಇದು 1860ರಲ್ಲೇ ಗೊತ್ತಿತ್ತು. ಭಾರತೀಯ ದಂಡ ಸಂಹಿತೆಯ 464ನೇ ಕಲಮಿನಲ್ಲಿ ಸುಳ್ಳು ದಸ್ತಾವೇಜು ಎಂದರೇನು ಎಂದು ಹೇಳುವಾಗ ಉದಾಹರಣೆಗಳನ್ನು ಕೊಟ್ಟಿದ್ದಾರೆ. ಅದರಲ್ಲೊಂದು ನಮ್ಮ ಕಡೆಯ ಯಾವುದೇ ಊರಲ್ಲಿ ನಡೆಯಬಹುದಾದದ್ದು. ಸಾಲದ ಡಿಕ್ರಿಯಲ್ಲಿ ಒಬ್ಬನ ಆಸ್ತಿ ಜಪ್ತಿಯಾಗಿ ಮಾರಾಟವಾಗುತ್ತದೆ. ಜಪ್ತಿಯಾದ ಮೇಲೆ ಆತ ತನ್ನ ಗೆಳೆಯನ ಜೊತೆ ಸೇರಿ, ಅದೇ ಆಸ್ತಿಯನ್ನು ಪುಡಿಗಾಸಿನ ಬಾಡಿಗೆಗೆ ಬಹಳ ವರ್ಷದ ಮಟ್ಟಿಗೆ ಗುತ್ತಿಗೆ ಕೊಟ್ಟಂತೆ ಪತ್ರ ಮಾಡಿ, ಜಪ್ತಿಗೆ ಆರು ತಿಂಗಳು ಹಿಂದಿನ ತಾರೀಖು ಹಾಕುತ್ತಾನೆ. ಆಸ್ತಿ ಕೊಂಡವನಿಗೆ ಮೋಸ ಮಾಡುವುದೇ ಉದ್ದೇಶ. ಇಲ್ಲಿ ಆತ ಯಾರ ಸಹಿಯನ್ನೂ ನಕಲು ಮಾಡಿಲ್ಲ, ತನ್ನ ಹೆಸರಿನಲ್ಲಿ ತಾನೇ ಸಹಿ ಮಾಡಿದ್ದಾನೆ. ಆದರೂ ಹಿಂದಿನ ತಾರೀಖು ಹಾಕಿದ್ದರಿಂದಲೇ ಅದು ಖೋಟಾ ದಸ್ತಾವೇಜು ಎಂದು ಕಾನೂನು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 335ನೇ ಕಲಮು ಇದೇ ಮಾತನ್ನು ಮುಂದುವರಿಸಿದೆ.

ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ತಪ್ಪು ತಾರೀಖಿರುವ ಎಲ್ಲ ಕಾಗದವೂ ಅಪರಾಧವಲ್ಲ. ಮೋಸದ ಅಥವಾ ಅಪ್ರಾಮಾಣಿಕ ಉದ್ದೇಶ ಇರಬೇಕು. ನಮಗೆ ಫೋನ್ ಮಾಡಿದವರನ್ನು ಯಾರೂ ಜೈಲಿಗೆ ಹಾಕುತ್ತಿರಲಿಲ್ಲ. ಆದರೆ ಉದ್ದೇಶ ಏನಿತ್ತು ಎಂದು ನಾಳೆ ತೀರ್ಮಾನಿಸುವವರು ನಾವಲ್ಲ. ಸಂಸ್ಥೆಯ ಒಳಗೆ ಜಗಳವಾಗಿ ಹಳೆಯ ಫೈಲು ಹೊರಬಿದ್ದ ದಿನ, ಜನವರಿ 12ರ ಕೆಳಗೆ ಇರುವುದು ನಮ್ಮ ಸಹಿ.

ಇದರಿಂದ ಯಾರಿಗೆ ಪೆಟ್ಟು ಬೀಳುತ್ತದೆ ಎಂಬುದನ್ನು ನಮ್ಮ ಮನೆಗಳೊಳಗೇ ನೋಡಬಹುದು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಸಿಕ್ಕಿತು. ಅದಕ್ಕೂ ಮೊದಲು, 2004ರ ಡಿಸೆಂಬರ್ 20ರಂದು, ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾಗಿತ್ತು. ಆ ದಿನಕ್ಕಿಂತ ಹಿಂದೆಯೇ ವಾಟ್ನಿಯಾಗಿದ್ದರೆ ಹೊಸ ಹಕ್ಕು ಅದನ್ನು ಮುಟ್ಟುವುದಿಲ್ಲ ಎಂದು ಕಾಯ್ದೆ ಹೇಳಿತು. ಈಗ ಯೋಚಿಸಿ ನೋಡಿ, ಅಣ್ಣತಮ್ಮಂದಿರ ಕೈಗೆ ಎಂಥ ಆಸೆ ಇಟ್ಟಂತಾಯಿತು! ಒಂದು ಹಳೆಯ ಕಾಗದ, ಇಬ್ಬರು ಸಾಕ್ಷಿ, 2003ರ ಒಂದು ತಾರೀಖು. ಅಷ್ಟಾದರೆ ಅಕ್ಕತಂಗಿಯರ ಪಾಲು ಹೋಯಿತು.

ಕಾಯ್ದೆ ಮಾಡಿದವರಿಗೂ ಇದು ಗೊತ್ತಿತ್ತು. ಅದಕ್ಕೇ ಅದೇ ಕಲಮಿನ ಕೆಳಗೆ ವಿವರಣೆ ಸೇರಿಸಿದರು: ಇಲ್ಲಿ ವಾಟ್ನಿ ಎಂದರೆ ನೋಂದಣಿಯಾದ ಪತ್ರದಿಂದ ಆದದ್ದು ಅಥವಾ ಕೋರ್ಟಿನ ಡಿಕ್ರಿಯಿಂದ ಆದದ್ದು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಬಾಯಿಮಾತಿನ ವಾಟ್ನಿ ಎಂಬ ವಾದವನ್ನು ಸುಮ್ಮನೆ ಒಪ್ಪಲಾಗದು, ಸರಕಾರಿ ದಾಖಲೆಗಳ ಬೆಂಬಲವಿರುವ ಅಪರೂಪದ ಪ್ರಕರಣದಲ್ಲಿ ಮಾತ್ರ ಒಪ್ಪಬಹುದು ಎಂದಿತು. ಇದರ ನಷ್ಟವನ್ನು ಗಮನಿಸಿ. ಖರೇನೇ ಬಾಯಿಮಾತಿನಲ್ಲಿ ವಾಟ್ನಿ ಮಾಡಿಕೊಂಡು ಬೇರೆ ಬೇರೆ ಬದುಕಿದ ಪ್ರಾಮಾಣಿಕ ಕುಟುಂಬಗಳೂ ಇವತ್ತು ಕೋರ್ಟಿನಲ್ಲಿ ಒದ್ದಾಡಬೇಕಾಗಿದೆ. ಸುಳ್ಳು ತಾರೀಖು ಹಾಕಿದವರು ನಿಜ ತಾರೀಖು ಹಾಕಿದವರ ಕಾಗದದ ಬೆಲೆಯನ್ನೂ ಕಳೆದರು. "ನಮ್ಮ ಒಂದು ಕಾಗದದಿಂದ ಯಾರಿಗೇನು ತೊಂದರೆ" ಎನ್ನುವವರಿಗೆ ನಮ್ಮ ಉತ್ತರ ಇದು.

ಇನ್ನು, "ಯಾರಿಗೆ ಗೊತ್ತಾಗತೈತಿ?" ಎಂಬ ಪ್ರಶ್ನೆ.

ಮೊದಲೆಲ್ಲ ಇದು ಸುಲಭವಿತ್ತು. ಹಳೆಯ ತಾರೀಖಿನ ಛಾಪಾ ಕಾಗದ ಕೇಳಿದರೆ ಸಿಗುವ ಕಾಲವೊಂದಿತ್ತು. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಬಯಲಾದ ಮೇಲೆ ಆ ಪದ್ಧತಿಯೇ ಬದಲಾಯಿತು. ಈಗ ನಮ್ಮ ರಾಜ್ಯದಲ್ಲಿ ಇ-ಸ್ಟ್ಯಾಂಪ್ ಇದೆ. ಆ ಹಾಳೆಯ ಮೇಲೆ `IN-KA` ಎಂದು ಶುರುವಾಗುವ ಪ್ರಮಾಣಪತ್ರದ ಸಂಖ್ಯೆ, ಅದನ್ನು ಕೊಟ್ಟ ದಿನ, ಗಂಟೆ, ನಿಮಿಷ, ಎರಡೂ ಪಕ್ಷದವರ ಹೆಸರು ಅಚ್ಚಾಗಿರುತ್ತದೆ. ಜೂನ್ 9ರಂದು ಕೊಂಡ ಇ-ಸ್ಟ್ಯಾಂಪಿನ ಮೇಲೆ ಜನವರಿ 12ರ ಕರಾರು ಬರೆದರೆ, ಕಾಗದದ ಮೇಲ್ಭಾಗವೇ ಕೆಳಭಾಗದ ವಿರುದ್ಧ ಸಾಕ್ಷಿ ಹೇಳುತ್ತದೆ. ಇಷ್ಟಾದರೂ ಅಂಥ ಕಾಗದಗಳು ಬರುತ್ತಲೇ ಇರುತ್ತವೆ. ನಮಗೆ ಕಳಿಸಿದ್ದೂ ಅಂಥದ್ದೇ.

ಹಳೆಯ ಸ್ಟ್ಯಾಂಪ್ ಪೇಪರು ಮನೆಯಲ್ಲಿದೆ ಎನ್ನುವವರಿಗೂ ಒಂದು ಮಾತು. ಆರು ತಿಂಗಳು ದಾಟಿದರೆ ಛಾಪಾ ಕಾಗದ ಸತ್ತುಹೋಗುತ್ತದೆ ಎಂದು ಊರಲ್ಲೆಲ್ಲ ಹೇಳುತ್ತಾರೆ. ಅದು ತಪ್ಪು. ಆರು ತಿಂಗಳ ಮಾತು ಬಳಸದ ಕಾಗದವನ್ನು ವಾಪಸು ಕೊಟ್ಟು ಹಣ ಪಡೆಯುವುದಕ್ಕೆ ಸಂಬಂಧಿಸಿದ್ದು. 2008ರ ತಿರುವೆಂಗಡ ಪಿಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅಲ್ಲಿ 1980ರ ಜನವರಿ 5ರ ತಾರೀಖಿನ ಖರೀದಿ ಕರಾರು, 1973 ಮತ್ತು 1978ರಲ್ಲಿ ಕೊಂಡ ಎರಡು ಬೇರೆ ಬೇರೆ ಛಾಪಾ ಕಾಗದಗಳ ಮೇಲೆ ಇತ್ತು. ಹಳೆಯ ಕಾಗದದ ಮೇಲೆ ಬರೆದ ಮಾತ್ರಕ್ಕೆ ಕರಾರು ಅಸಿಂಧುವಲ್ಲ ಎಂದಿತು ಕೋರ್ಟ್. ಆದರೆ ಅದು ಕಾಗದದ ನಿಜತನದ ಮೇಲೆ ಅನುಮಾನಪಡಲು ಒಂದು ಕಾರಣವಾಗಬಹುದು ಎಂದೂ ಹೇಳಿತು. ಕೊನೆಗೆ ಆ ಕರಾರನ್ನು ನಂಬಿ ಬಂದವರು ಸೋತರು.

ಕಾಗದದ ಒಳಗಿನ ಅಕ್ಷರಗಳೂ ಚಾಡಿ ಹೇಳುತ್ತವೆ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. 1994ರ ತಾರೀಖಿನ ಪತ್ರದಲ್ಲಿ "ಶಿಗ್ಗಾಂವ ತಾಲೂಕು, ಹಾವೇರಿ ಜಿಲ್ಲೆ" ಎಂದಿದ್ದರೆ ಅದನ್ನು ಬರೆದವನಿಗೆ ಭವಿಷ್ಯ ಗೊತ್ತಿತ್ತು ಅನ್ನಬೇಕು! ರೂಪಾಯಿಯ ₹ ಚಿಹ್ನೆ ಬಂದದ್ದು 2010ರ ಜುಲೈನಲ್ಲಿ. 2008ರ ಬಿಲ್ಲಿನಲ್ಲಿ ಅದು ಇರಲಾರದು. ಜಿಎಸ್‌ಟಿ ಶುರುವಾದದ್ದು 2017ರ ಜುಲೈ 1ರಂದು. 2015ರ ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರಿದ್ದರೆ ಹೇಳುವುದೇ ಬೇಡ. ಪಾಕಿಸ್ತಾನದಲ್ಲಿ 2017ರಲ್ಲಿ ಪ್ರಧಾನಿಯ ಮಗಳು ಮರಿಯಂ ನವಾಜ್ ಕಡೆಯಿಂದ ಬಂದ, 2006ರ ತಾರೀಖಿನ ದಾಖಲೆಯೊಂದು ಕ್ಯಾಲಿಬ್ರಿ ಎಂಬ ಅಕ್ಷರಶೈಲಿಯಲ್ಲಿತ್ತು. ಆ ಅಕ್ಷರಶೈಲಿ ಮಾರುಕಟ್ಟೆಗೆ ಬಂದದ್ದು 2007ರಲ್ಲಿ. ತನಿಖೆಯವರು ಹಿಡಿದದ್ದು ಆ ಎಳೆಯನ್ನೇ.

ಬಿಲ್ಲಿನ ಸುಳ್ಳು ಇನ್ನೂ ಬೇಗ ಗೊತ್ತಾಗುತ್ತದೆ. ಬಿಲ್ ಪುಸ್ತಕಕ್ಕೆ ಕ್ರಮಸಂಖ್ಯೆ ಇರುತ್ತದೆ. ನಮ್ಮ ಪುಸ್ತಕದಲ್ಲಿ ಮಾರ್ಚ್ ಕೊನೆಗೆ 17ನೇ ಬಿಲ್ ಆಗಿತ್ತು, ಏಪ್ರಿಲಿನಿಂದ ಹೊಸ ಸಾಲು ಶುರುವಾಗಿತ್ತು. ಮಾರ್ಚ್ 28ರ ಬಿಲ್ ಮಾಡಬೇಕೆಂದರೆ ಅದಕ್ಕೆ ಯಾವ ನಂಬರ್ ಕೊಡುವುದು? 17-ಎ ಎಂದು ಹಾಕಬೇಕು, ಇಲ್ಲವೇ 18 ಎಂದು ಹಾಕಿ ನಮ್ಮ ವರ್ಷದ ಲೆಕ್ಕವನ್ನೇ ತಿದ್ದಬೇಕು. ಅವರ ಒಂದು ಸುಳ್ಳಿಗೆ ನಮ್ಮ ಪುಸ್ತಕದಲ್ಲಿ ಮೂರು ಸುಳ್ಳು. ಇಷ್ಟು ಮಾಡಿದರೂ ಬ್ಯಾಂಕಿನ ಪಾಸ್‌ಬುಕ್ ಜೂನ್ ಎಂದೇ ಹೇಳುತ್ತದೆ, ಬಿಲ್ ಕಳಿಸಿದ ಇ-ಮೇಲ್ ಜೂನ್ ಎಂದೇ ಹೇಳುತ್ತದೆ. ಅವರೇ ಕಳಿಸಿದ "ಜನವರಿ 12 ಹಾಕ್ರಿ" ಎಂಬ ವಾಟ್ಸ್ಯಾಪ್ ಸಂದೇಶವೂ ಹಾಗೇ ಇರುತ್ತದೆ.

ಸರಿ, ಒಲ್ಲೆ ಅನ್ನುವುದು ಸುಲಭ. ಒಲ್ಲೆ ಅಂದು ಸುಮ್ಮನೆ ಕುಳಿತರೆ ರೊಕ್ಕ ಬರುವುದಿಲ್ಲ, ಅವರ ಫೈಲೂ ನೆಟ್ಟಗಾಗುವುದಿಲ್ಲ. ಹಾಗಾಗಿ ನಾವು ಅವರನ್ನು ಒಂದೇ ಪ್ರಶ್ನೆ ಕೇಳಿದೆವು: "ನಿಮಗೆ ಹಿಂದಿನ ತಾರೀಖು ಯಾಕೆ ಬೇಕು, ಅದನ್ನ ಹೇಳ್ರಿ." ಉತ್ತರದಲ್ಲಿ ಎರಡು ಕಾರಣ ಹೊರಬಂದವು. ಒಂದು, ಖರ್ಚು ಮಾರ್ಚ್ 31ರೊಳಗಿನ ವರ್ಷಕ್ಕೆ ಸೇರಬೇಕು. ಎರಡು, ಕರಾರಿಲ್ಲದೆ ಮುಂಗಡ ಕೊಡಬಾರದು ಎಂಬ ನಿಯಮ ಅವರ ಸಂಸ್ಥೆಯಲ್ಲಿದೆ, 8,000 ಮುಂಗಡ ಹೋಗಿಬಿಟ್ಟಿದೆ. ಕಾರಣ ಗೊತ್ತಾದರೆ ಅರ್ಧ ದಾರಿ ಸವೆಸಿದಂತೆ. ಹಿಂದಿನ ತಾರೀಖಿನ ಹಿಂದೆ ಹೆಚ್ಚಾಗಿ ಇರುವುದು ಕಳ್ಳತನವಲ್ಲ, ಒಂದು ಮರೆವು ಅಥವಾ ಒಂದು ತಪ್ಪು ತಿಳಿವಳಿಕೆ.

ಮೊದಲನೆಯದು ತಪ್ಪು ತಿಳಿವಳಿಕೆ. ಖರ್ಚು ಯಾವ ವರ್ಷದ್ದು ಎಂಬುದನ್ನು ಬಿಲ್ಲಿನ ತಾರೀಖು ತೀರ್ಮಾನಿಸುವುದಿಲ್ಲ. ಕೆಲಸ ಆದಾಗಲೇ ಖರ್ಚು ಬರೆಯುವ ಪದ್ಧತಿಯ ಲೆಕ್ಕವಾದರೆ, ಮಾರ್ಚ್ 20ಕ್ಕೆ ಮುಗಿದ ಕೆಲಸ ಆ ವರ್ಷದ ಖರ್ಚೇ. ಹಣ ಕೊಟ್ಟಿಲ್ಲವಾದ್ದರಿಂದ 40,000ವನ್ನು ಮಾರ್ಚ್ 31ಕ್ಕೆ "ಕೊಡಬೇಕಾದ ಬಾಕಿ" ಎಂದು ತೋರಿಸಿದರಾಯಿತು. ಅದಕ್ಕೆ ಜೂನ್ ತಾರೀಖಿನ ಬಿಲ್ಲೇ ಆಧಾರ, ಆದರೆ ಬಿಲ್ಲಿನೊಳಗೆ ಕೆಲಸದ ಅವಧಿ ಬರೆದಿರಬೇಕು. ಲೆಕ್ಕ ನಗದು ಪದ್ಧತಿಯದಾದರೆ ಹಣ ಕೊಟ್ಟ ದಿನವೇ ಖರ್ಚಿನ ದಿನ. ಆಗ ಬಿಲ್ಲಿಗೆ ಮಾರ್ಚ್ 28 ಹಾಕಿದರೂ ಬ್ಯಾಂಕಿನಿಂದ ಹಣ ಹೋದದ್ದು ಜೂನಿನಲ್ಲೇ. ಅಂದರೆ ಒಂದು ಪದ್ಧತಿಯಲ್ಲಿ ಸುಳ್ಳು ತಾರೀಖು ಬೇಕಾಗಿಲ್ಲ, ಇನ್ನೊಂದರಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ದಾನಿಯ ಹಣದ ಅವಧಿಯೇ ಮುಗಿದಿದ್ದರೆ, ದಾನಿಗೆ ಇದ್ದದ್ದು ಇದ್ದಂತೆ ಬರೆದು ಅನುಮತಿ ಕೇಳುವುದೊಂದೇ ದಾರಿ.

ನಾವು ಕೊಟ್ಟ ಬಿಲ್ ಹೀಗಿತ್ತು:

"ಬಿಲ್ ಸಂಖ್ಯೆ 6. ತಾರೀಖು: 9-6-2025. ದುಂಡಸಿ ಹೋಬಳಿಯ ಕೆರೆಗಳ ಕುರಿತ ನಾಲ್ಕು ಕಿರುಚಿತ್ರಗಳ ಚಿತ್ರೀಕರಣ ಮತ್ತು ಸಂಕಲನ. ಕೆಲಸದ ಅವಧಿ: 12-1-2025 ರಿಂದ 20-3-2025. ನಾಲ್ಕೂ ಚಿತ್ರಗಳನ್ನು ಒಪ್ಪಿಸಿದ ದಿನ: 20-3-2025. ಒಟ್ಟು ಮೊತ್ತ 48,000. ಮುಂಗಡ ಬಂದದ್ದು (15-1-2025) 8,000. ಬಾಕಿ 40,000."

ನಾವು ಜಿಎಸ್‌ಟಿ ನೋಂದಣಿಯ ಮಿತಿಯ ಕೆಳಗಿದ್ದೇವೆ, ಹಾಗಾಗಿ ಇಷ್ಟು ಸಾಕು. ನೋಂದಣಿ ಇರುವವರು ಸ್ವಲ್ಪ ಎಚ್ಚರವಾಗಿರಬೇಕು. ಸೇವೆ ಕೊಟ್ಟ 30 ದಿನದೊಳಗೆ ಬಿಲ್ ಮಾಡಬೇಕೆಂಬ ನಿಯಮವಿದೆ. ತಡವಾದರೂ ಬಿಲ್ಲಿಗೆ ಇವತ್ತಿನ ತಾರೀಖನ್ನೇ ಹಾಕಿ. ಆದರೆ ತೆರಿಗೆಯ ಹೊಣೆ ಸಾಮಾನ್ಯವಾಗಿ ಸೇವೆ ಕೊಟ್ಟ ದಿನಕ್ಕೇ, ಅದಕ್ಕೂ ಮೊದಲು ಹಣ ಬಂದಿದ್ದರೆ ಆ ಹಣದ ಮಟ್ಟಿಗೆ ಅದು ಬಂದ ದಿನಕ್ಕೆ, ಬಂದು ಕೂರುತ್ತದೆ. ತಡವಾದ ದಿನಗಳ ಬಡ್ಡಿಯನ್ನು ಕಟ್ಟಬೇಕಾಗುತ್ತದೆ. ತಡ ಮಾಡಿದ್ದರ ಬೆಲೆ ಆ ಬಡ್ಡಿ. ಅದನ್ನು ಕಟ್ಟಿ ಮುಗಿಸಬಹುದು. ಸುಳ್ಳು ಬಿಲ್ಲಿನ ದಂಡದ ಲೆಕ್ಕವೇ ಬೇರೆ.

ಎರಡನೆಯ ಕಾರಣ, ಕರಾರು. ಇಲ್ಲಿ ತಿಳಿಯಬೇಕಾದ ಮುಖ್ಯ ಮಾತೆಂದರೆ, ಸಹಿಯ ದಿನ ಬೇರೆ, ಕರಾರು ಅನ್ವಯವಾಗುವ ದಿನ ಬೇರೆ. ಎರಡನ್ನೂ ಬರೆಯಬಹುದು, ಎರಡೂ ನಿಜವಾಗಿರಬೇಕು. ಜನವರಿ 12ರಂದು ನಾವು ಬಾಯಿಮಾತಿನಲ್ಲಿ ಒಪ್ಪಿದ್ದು ಸುಳ್ಳಲ್ಲ. ಬರವಣಿಗೆಯಲ್ಲೇ ಇರಬೇಕೆಂದು ಕಾನೂನು ಹೇಳದ ವ್ಯವಹಾರಗಳಲ್ಲಿ ಬಾಯಿಮಾತಿನ ಕರಾರೂ ಕರಾರೇ. ಹಾಗಾದರೆ ಅದನ್ನೇ ಬರೆದರಾಯಿತಲ್ಲ! ಅವರು ಕಳಿಸಿದ ಕರಡಿನ ಮೊದಲ ಪುಟವನ್ನು ನಾವು ಹೀಗೆ ಬದಲಿಸಿದೆವು:

"ಈ ಕರಾರು ಪತ್ರವನ್ನು 9-6-2025ರಂದು ಬರೆದು ಸಹಿ ಮಾಡಲಾಗಿದೆ. ಉಭಯ ಪಕ್ಷದವರು 12-1-2025ರಂದು ಬಾಯಿಮಾತಿನಲ್ಲಿ ಈ ಕೆಳಗಿನ ಷರತ್ತುಗಳಿಗೆ ಒಪ್ಪಿ ಕೆಲಸ ಆರಂಭಿಸಿದ್ದರು. 15-1-2025ರಂದು 8,000 ರೂಪಾಯಿ ಮುಂಗಡ ಸಂದಾಯವಾಗಿದೆ. 20-3-2025ರಂದು ಕೆಲಸ ಪೂರ್ಣಗೊಂಡಿದೆ. ಆಗ ಲಿಖಿತ ಕರಾರು ಮಾಡಿಕೊಂಡಿರಲಿಲ್ಲ. ಆ ಒಪ್ಪಿಗೆಯನ್ನು ಈ ಮೂಲಕ ಬರಹದಲ್ಲಿ ದಾಖಲಿಸಲಾಗಿದ್ದು, ಇದರ ಷರತ್ತುಗಳು ಉಭಯ ಪಕ್ಷದವರ ನಡುವೆ 12-1-2025ರಿಂದ ಅನ್ವಯವಾಗುತ್ತವೆ."

ಕೊನೆಯ ಪುಟದಲ್ಲಿ ಪ್ರತಿಯೊಂದು ಸಹಿಯ ಪಕ್ಕದಲ್ಲಿ ತಾರೀಖಿಗೆ ಜಾಗ ಬಿಟ್ಟೆವು. ಯಾರು ಯಾವ ದಿನ ಸಹಿ ಮಾಡುತ್ತಾರೋ ಅವರೇ ತಮ್ಮ ಕೈಯಿಂದ ಆ ದಿನದ ತಾರೀಖು ಬರೆಯಬೇಕು. ನಾವು ಜೂನ್ 9ಕ್ಕೆ ಮಾಡಿದೆವು. ಅವರ ಅಧ್ಯಕ್ಷರು ಊರಲ್ಲಿರಲಿಲ್ಲ, 13ಕ್ಕೆ ಮಾಡಿದರು. 13 ಎಂದೇ ಬರೆದರು. ಆಕಾಶವೇನೂ ಬೀಳಲಿಲ್ಲ. ಮೊದಲ ಪುಟದ ತಾರೀಖಿಗೂ ಕೊನೆಯ ಸಹಿಗೂ ಹೀಗೆ ಅಂತರ ಬಿದ್ದರೆ, "ಕೊನೆಯ ಪಕ್ಷದವರು ಸಹಿ ಮಾಡಿದ ದಿನದಂದು ಕರಾರು ಪೂರ್ಣಗೊಂಡಿತು" ಎಂದು ಒಂದು ಸಾಲು ಸೇರಿಸುವುದು ಒಳ್ಳೆಯದು.

"ಕರಾರಿಗೆ ಮುಂಚೆ ಮುಂಗಡ ಹೋಗಿದೆ" ಎಂಬ ನಿಯಮಭಂಗ ಉಳಿಯಿತಲ್ಲ? ಹೌದು, ಉಳಿಯುತ್ತದೆ. ಅದನ್ನು ಅಳಿಸುವ ಮಂತ್ರವಿಲ್ಲ. ಅವರ ಕಾರ್ಯಕಾರಿ ಸಮಿತಿ ಜೂನ್ ಸಭೆಯಲ್ಲಿ ಜೂನ್ ತಾರೀಖಿನಲ್ಲೇ ಒಂದು ಠರಾವು ಮಾಡಿತು: ಲಿಖಿತ ಕರಾರು ಇಲ್ಲದೆ ಜನವರಿಯಲ್ಲಿ ಮುಂಗಡ ಕೊಟ್ಟದ್ದು ಗಮನಕ್ಕೆ ಬಂದಿದೆ, ಕೆಲಸ ತೃಪ್ತಿಕರವಾಗಿ ಆಗಿರುವುದರಿಂದ ಅದನ್ನು ಅನುಮೋದಿಸಲಾಗಿದೆ. ಜನವರಿ ಸಭೆಯ ನಡಾವಳಿ ಪುಸ್ತಕದಲ್ಲಿ ಖಾಲಿ ಬಿಟ್ಟ ಸಾಲಿಗೆ ಏನನ್ನೋ ತುರುಕುವುದಕ್ಕಿಂತ ಇದು ಎಷ್ಟೋ ಮೇಲು. ಆಡಿಟರ್ ಒಂದು ಟಿಪ್ಪಣಿ ಬರೆಯಬಹುದು. ಬರೆಯಲಿ. ನಿಯಮ ತಪ್ಪಿದೆವು ಎಂಬ ಟಿಪ್ಪಣಿಯಿಂದ ಯಾವ ಸಂಸ್ಥೆಯೂ ಮುಳುಗುವುದಿಲ್ಲ. ದಾಖಲೆ ತಿರುಚಿದರು ಎಂಬ ಟಿಪ್ಪಣಿ ಬಂದರೆ ಮಾತ್ರ, ಆ ಸಂಸ್ಥೆಯ ಉಳಿದ ಎಲ್ಲ ಕಾಗದವನ್ನೂ ಅನುಮಾನದಿಂದ ನೋಡುತ್ತಾರೆ.

ಈ "ಇಂಥ ದಿನದಿಂದ ಅನ್ವಯ" ಎಂಬ ಸಾಲಿಗೂ ಮಿತಿಯಿದೆ, ಅದನ್ನು ಮುಚ್ಚಿಟ್ಟರೆ ನಾವೂ ಅರ್ಧ ಸತ್ಯ ಹೇಳಿದಂತೆ. ಅದು ಸಹಿ ಮಾಡಿದ ಇಬ್ಬರನ್ನು ಕಟ್ಟಿಹಾಕುತ್ತದೆ, ನಡುವೆ ಹಕ್ಕು ಪಡೆದ ಮೂರನೆಯವರನ್ನಲ್ಲ. ಮೊದಲೇ ಅನುಮತಿ ಪಡೆಯಬೇಕು ಎಂದು ಕಾನೂನೇ ಹೇಳಿರುವ ಕಡೆ ಅದು ಅನುಮತಿಯಾಗುವುದಿಲ್ಲ. ಆಗದೇ ಇದ್ದ ಒಪ್ಪಂದವನ್ನು ಆಗಿತ್ತು ಎಂದು ಬರೆದರೆ ಅದೂ ಸುಳ್ಳೇ, ಸುಳ್ಳು ಮೊದಲ ಸಾಲಿನಿಂದ ಮೂರನೇ ಸಾಲಿಗೆ ಹೋಯಿತು ಅಷ್ಟೇ. ಜನವರಿ 12 ಎಂದು ಬರೆಯುವ ಮುನ್ನ ನಾವು ಆ ದಿನದ ಸಂದೇಶ, 15ರ ಮುಂಗಡದ ಬ್ಯಾಂಕ್ ದಾಖಲೆ ಎರಡನ್ನೂ ತೆಗೆದು ನೋಡಿ, ಪ್ರತಿಯನ್ನು ಫೈಲಿಗೆ ಸೇರಿಸಿದೆವು. ಹಾಗೆ ತೋರಿಸಲು ಏನೂ ಇಲ್ಲದಿದ್ದರೆ ಆ ಸಾಲನ್ನು ಬರೆಯಬೇಡಿ.

ಹೊಲ ಮನೆಯ ಪತ್ರಗಳಲ್ಲಿ ಇನ್ನೂ ಎಚ್ಚರ ಬೇಕು. ನೋಂದಣಿಯಾದ ಪತ್ರ ಜಾರಿಗೆ ಬರುವುದು ಸಾಮಾನ್ಯವಾಗಿ ನೋಂದಣಿಯ ದಿನದಿಂದಲ್ಲ, ಪತ್ರಕ್ಕೆ ಸಹಿಯಾದ ದಿನದಿಂದ. ಆದ್ದರಿಂದ ಅಲ್ಲಿ ಸಹಿಯ ತಾರೀಖು ಎಂದರೆ ಹಕ್ಕೇ. ಸಹಿಯಾದ ನಾಲ್ಕು ತಿಂಗಳೊಳಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಯ್ಯಬೇಕು. ಆ ಗಡುವು ದಾಟಿತೆಂದು ತಾರೀಖು ತಿದ್ದಿಸುವವರಿದ್ದಾರೆ. ಇಲ್ಲಿ ತಾರೀಖನ್ನು ಮುಂದಕ್ಕೆ ಒಯ್ಯುತ್ತಾರೆ, ಸುಳ್ಳು ಮಾತ್ರ ಅದೇ. ಅದರ ಅಗತ್ಯವೇ ಇಲ್ಲ. ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನೂ ನಾಲ್ಕು ತಿಂಗಳು ಕಾನೂನೇ ಕೊಡುತ್ತದೆ. ದಂಡ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೆ ಆಗಬಹುದು. ಅದೂ ದಾಟಿದರೆ, ಎಲ್ಲರೂ ಬದುಕಿದ್ದು ಒಪ್ಪಿಗೆಯಿದ್ದರೆ, ಹೊಸ ಪತ್ರ ಬರೆದು ಹೊಸ ಸ್ಟ್ಯಾಂಪ್ ಹಾಕಿ ಹೊಸ ತಾರೀಖಿನಲ್ಲಿ ಸಹಿ ಮಾಡಿ. ಖರ್ಚು ಬರುತ್ತದೆ. ಆದರೆ ತಿದ್ದಿದ ತಾರೀಖಿನ ಮೇಲೆ ನಿಂತ ಹೊಲದಲ್ಲಿ ಮಕ್ಕಳು ಹತ್ತು ವರ್ಷ ಕೋರ್ಟಿಗೆ ಅಲೆಯುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಸಂಸ್ಥೆಯವರು ಮೊದಲು ಬೇಸರ ಮಾಡಿಕೊಂಡರು. ಕೆಲವು ದಿನ ಫೋನೂ ಎತ್ತಲಿಲ್ಲ. ಆಮೇಲೆ ಅವರ ಆಡಿಟರೇ "ಬಾಕಿ ಅಂತ ತೋರಿಸಿದರ ಮುಗೀತು, ಹಿಂದಿನ ತಾರೀಖು ಯಾರು ಕೇಳ್ಯಾರ ನಿಮ್ಮನ್ನ?" ಎಂದರಂತೆ. ಜುಲೈ ಮೊದಲ ವಾರದಲ್ಲಿ ಹಣ ಬಂತು. ವಾರದಲ್ಲಿ ಬರುತ್ತಿದ್ದುದು ತಿಂಗಳು ಹಿಡಿಯಿತು. ಕ್ಯಾಮೆರಾದ ಒಂದು ಕಂತು ತಪ್ಪಿ, ನಮ್ಮವರು ದಂಡ ಕಟ್ಟಿದರು. ಒಲ್ಲೆ ಅಂದದ್ದಕ್ಕೆ ನಮಗೆ ಬಿದ್ದ ಖರ್ಚು ಅಷ್ಟು.

ಸುದ್ದಿ ಬರೆಯುವವರಿಗೆ ತಾರೀಖು ಸುದ್ದಿಯ ಮೊದಲ ಸಾಲು. ಯಾರದೋ ಹೊಲದ ಕಾಗದದ ತಾರೀಖು ಸುಳ್ಳೆಂದು ನಾಳೆ ನಾವು ವರದಿ ಮಾಡಬೇಕಾದೀತು. ಅವತ್ತು ನಮ್ಮ ಬಿಲ್ ಪುಸ್ತಕವನ್ನು ಯಾರಾದರೂ ತೆರೆದು ನೋಡಿದರೆ, ಆರನೇ ನಂಬರಿನ ಬಿಲ್ಲಿನ ಮೇಲೆ ಜೂನ್ 9 ಎಂದಿದೆ. ನೋಡಲಿ.